ಖಿನ್ನತೆಯ ಔಷಧಗಳಲ್ಲಿ ಮೊದಲನೆಯದು ಯಾವುದು?

ವೈದ್ಯರು ಖಿನ್ನತೆಗೆಂದು ಬರೆದುಕೊಟ್ಟ ಮಾತ್ರೆಯು ‘ಉತ್ತಮ ಔಷಧಗಳ ಪಟ್ಟಿ’ಯಲ್ಲಿ ಕೆಳಗಿರುವುದನ್ನು ಕಂಡು ಕಳವಳಪಡುವವರುಂಟು. ಆದ್ದರಿಂದ ಇಂತಹ ಪಟ್ಟಿಯು ಹೇಗೆ ಸಿದ್ಧವಾಗುತ್ತದೆಂಬುದನ್ನು ಅರಿಯುವುದು ಒಳಿತು.

2018ರಲ್ಲಿ ಆಕ್ಸ್‌ಫರ್ಡಿನ ಆಂಡ್ರಿಯಾ ಚಿಪ್ರಿಯಾನಿ ಮತ್ತು ಸಂಗಡಿಗರು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ 21 ಔಷಧಗಳನ್ನು ಕುರಿತ 522 ಪ್ರಯೋಗಗಳನ್ನು ಒಟ್ಟುಗೂಡಿಸಿ ಪರಿಶೀಲಿಸಿದರು. ಇಪ್ಪತ್ತೊಂದು ಔಷಧಗಳಿಂದ 210 ಜೋಡಿಗಳಾಗುತ್ತವೆ. ಅವುಗಳಲ್ಲಿ ಅನೇಕವನ್ನು ಯಾರೂ ನೇರವಾಗಿ ಹೋಲಿಸಿರಲಿಲ್ಲ. ಆದರೆ ಎರಡು ಔಷಧಗಳನ್ನೂ ಬೇರೆ ಬೇರೆಯಾಗಿ ಹುಸಿಮಾತ್ರೆಯೊಡನೆ ಹೋಲಿಸಿದ್ದರೆ, ಅದರ ಮೂಲಕ ಅವೆರಡನ್ನು ಪರೋಕ್ಷವಾಗಿ ತೂಗಬಹುದು. ಹೀಗೆ ಹೆಣೆದ ಹೋಲಿಕೆಗಳ ಜಾಲಕ್ಕೆ ‘ನೆಟ್‌ವರ್ಕ್ ಮೆಟಾ ಅನಾಲಿಸಿಸ್’ ಎಂದು ಹೆಸರು.

ಎರಡು ಧಾನ್ಯರಾಶಿಗಳನ್ನು ಒಂದೇ ಬಳ್ಳದಿಂದ ಅಳೆದರೆ ಮಾತ್ರ ಹೆಚ್ಚು ಕಡಿಮೆಯನ್ನು ಹೇಳಬಹುದು. ಇಲ್ಲಿ ಆ ಬಳ್ಳವು ಬದಲಾಗಿಲ್ಲವೆಂಬ ಭರವಸೆಯೇ ‘ಟ್ರಾನ್ಸಿಟಿವಿಟಿ’. ಒಂದು ಔಷಧವನ್ನು ಸೌಮ್ಯ ಖಿನ್ನತೆಯವರಲ್ಲಿಯೂ ಇನ್ನೊಂದನ್ನು ತೀವ್ರ ಖಿನ್ನತೆಯವರಲ್ಲಿಯೂ ಪರೀಕ್ಷಿಸಿದ್ದರೆ, ಹೋಲಿಕೆಯು ಔಷಧದ ಗುಣವನ್ನಲ್ಲ, ರೋಗಿಗಳ ಭೇದವನ್ನು ತೋರಿಸುತ್ತದೆ. ಆದಕಾರಣ ಸಂಶೋಧಕರು ರೋಗಿಗಳ ವಯಸ್ಸು, ರೋಗದ ತೀವ್ರತೆ, ಔಷಧದ ಪ್ರಮಾಣ, ಪ್ರಯೋಗದ ಅವಧಿ ಇವು ಎಲ್ಲ ಹೋಲಿಕೆಗಳಲ್ಲಿಯೂ ಸರಿಸುಮಾರಾಗಿ ಒಂದೇ ಆಗಿವೆಯೇ ಎಂದು ನೋಡುತ್ತಾರೆ. ಬಳಿಕ, ನೇರ ಹೋಲಿಕೆಯ ಉತ್ತರವೂ ಪರೋಕ್ಷ ಹೋಲಿಕೆಯ ಉತ್ತರವೂ ಹೊಂದುತ್ತವೆಯೇ ಎಂದು ಪರೀಕ್ಷಿಸುತ್ತಾರೆ. ಈ ಅಧ್ಯಯನದಲ್ಲಿ ಒಂದು ತೊಡಕು ಕಂಡಿತು: ಒಂದೇ ಔಷಧವು ಪ್ರಯೋಗದಲ್ಲಿ ‘ಹೊಸದು’ ಎನಿಸಿಕೊಂಡಾಗ, ‘ಹಳೆಯದು’ ಎನಿಸಿಕೊಂಡಾಗಿನದಕ್ಕಿಂತ ಉತ್ತಮವಾಗಿ ತೋರುತ್ತಿತ್ತು. ಅದನ್ನು ಸರಿದೂಗಿಸಿದಾಗ ಔಷಧಗಳ ನಡುವಣ ಅಂತರವು ಕುಗ್ಗಿತು.

ಇನ್ನು ಶ್ರೇಣಿಯ ವಿಚಾರ. ರೋಗಲಕ್ಷಣಗಳು ಅರ್ಧಕ್ಕಾದರೂ ಇಳಿಯುವ ‘ಆಡ್ಸ್’ ಅನ್ನು ಹುಸಿಮಾತ್ರೆಗೆ 1 ಎಂದಿಟ್ಟುಕೊಂಡರೆ, ಎಸ್ಸಿಟಲೋಪ್ರಾಮ್‌ನ ಅಂಕ 1.68, ಸರ್ಟ್ರಲೀನ್‌ನದು 1.67. ಪಟ್ಟಿಯಲ್ಲಿ ಮೊದಲನೆಯದು ಮೇಲಿರುತ್ತದೆ. ಆದರೆ ಮೊದಲನೆಯದರ ನಿಜಬೆಲೆ 1.50ರಿಂದ 1.87ರ ನಡುವೆಯೂ, ಎರಡನೆಯದರದು 1.49ರಿಂದ 1.87ರ ನಡುವೆಯೂ ಎಲ್ಲಿಯಾದರೂ ಇರಬಹುದು. ಆದ್ದರಿಂದ ಇವುಗಳಲ್ಲಿ ಮೇಲುಕೀಳಿನ ಮಾತಿಗೆ ಆಧಾರವಿಲ್ಲ. ಎಲ್ಲಕ್ಕೂ ಮೇಲೆ 2.13 ಅಂಕದ ಅಮಿಟ್ರಿಪ್ಟಿಲೀನ್ ಇದ್ದರೂ, ಬಾಯಿ ಒಣಗುವುದು, ಮಂಪರು, ಮಲಬದ್ಧತೆಗಳಿಂದಾಗಿ ಅದನ್ನು ಸಹಿಸಲಾರದವರು ಹಲವರು.

ಆದುದರಿಂದ ಇಂತಹ ಪಟ್ಟಿಯನ್ನು ಕಂಡಾಗ ಸ್ಥಾನಕ್ಕಿಂತ ಮೊದಲು ಅಂಕಗಳ ಅಂತರವನ್ನೂ ಅನಿಶ್ಚಿತತೆಯ ವ್ಯಾಪ್ತಿಯನ್ನೂ ನೋಡಬೇಕು. ಈ ಪ್ರಯೋಗಗಳು ಸಾಮಾನ್ಯವಾಗಿ ಎಂಟು ವಾರಗಳಷ್ಟೇ ನಡೆದವು. ದೀರ್ಘಕಾಲದ ಫಲವನ್ನು ಅವು ತಿಳಿಸವು. ಅಧ್ಯಯನವು ದೃಢವಾಗಿ ಹೇಳುವುದಿಷ್ಟು: ಪ್ರೌಢರಲ್ಲಿ ಇಪ್ಪತ್ತೊಂದು ಔಷಧಗಳೂ ಹುಸಿಮಾತ್ರೆಗಿಂತ ಮೇಲು. ಒಬ್ಬ ರೋಗಿಗೆ ಯಾವುದು ಒಗ್ಗುವುದೆಂಬುದನ್ನು ಶ್ರೇಣಿಯು ಹೇಳಲಾರದು. ಪಟ್ಟಿಯನ್ನು ನೋಡಿ ಔಷಧವನ್ನು ಥಟ್ಟನೆ ನಿಲ್ಲಿಸಿದರೆ ತಲೆಸುತ್ತು, ನಿದ್ರಾಭಂಗಗಳು ತೋರಬಹುದು, ಕಾಯಿಲೆಯೂ ಮರುಕಳಿಸಬಹುದು. ಬದಲಾವಣೆಯು ಬೇಕೆನಿಸಿದರೆ ವೈದ್ಯರೊಡನೆ ಸಮಾಲೋಚಿಸಿಯೇ ಮುಂದುವರಿಯತಕ್ಕದ್ದು.