ಮುಖ ಬದಲಿಸುವ ಮಾದರಿಗೆ ಸಂದರ್ಶನದ ಫ್ರೇಮ್‌ಗಳ ಆಯ್ಕೆ

ವಿಡಿಯೊದಲ್ಲಿ ಒಬ್ಬರ ಮುಖದ ಜಾಗದಲ್ಲಿ ಇನ್ನೊಬ್ಬರ ಮುಖ ಕೂರಿಸುವ ಕಂಪ್ಯೂಟರ್ ಮಾದರಿ, ತಾನು ನೋಡಿದ ಚಿತ್ರಗಳಿಂದಷ್ಟೇ ಕಲಿಯುತ್ತದೆ. ಡೀಪ್‌ಫೇಸ್‌ಲ್ಯಾಬ್‌ನಂಥ ತಂತ್ರಾಂಶಗಳ ಒಳಗೆ ಎರಡು ಭಾಗಗಳಿರುತ್ತವೆ. ಒಂದು ಭಾಗ ಎರಡೂ ಮುಖಗಳನ್ನು ನೋಡಿ ತಲೆಯ ತಿರುವು, ಬಾಯಿಯ ಆಕಾರ, ಕಣ್ಣಿನ ಸ್ಥಿತಿ, ಬೆಳಕು ಇವುಗಳನ್ನು ಗ್ರಹಿಸುತ್ತದೆ. ಇನ್ನೊಂದು ಭಾಗ ಆ ಗ್ರಹಿಕೆಯ ಆಧಾರದ ಮೇಲೆ ಒಬ್ಬ ನಿರ್ದಿಷ್ಟ ವ್ಯಕ್ತಿಯ ಮುಖವನ್ನು ಮತ್ತೆ ಬರೆಯುತ್ತದೆ. ಮಸುಕಾದ ಚಿತ್ರಗಳೇ ಹೆಚ್ಚಿದ್ದರೆ ಮಾದರಿ ಬರೆಯುವ ಚರ್ಮವೂ ಮಸುಕಾಗುತ್ತದೆ. ಒಂದೇ ಭಂಗಿಯ ಚಿತ್ರಗಳು ಸಾವಿರಗಟ್ಟಲೆ ಇದ್ದರೆ ಆ ಭಂಗಿ ಮಾತ್ರ ಚೆನ್ನಾಗಿ ಬರುತ್ತದೆ. ಹಾಗಾಗಿ ತರಬೇತಿಗೆ ಮೊದಲು ಫ್ರೇಮ್‌ಗಳನ್ನು ಆರಿಸಬೇಕಾಗುತ್ತದೆ.

ಈ ತಂತ್ರದ ಒಂದು ಗೌರವದ ಬಳಕೆ ಸಾಕ್ಷ್ಯಚಿತ್ರಗಳಲ್ಲಿದೆ. ಡೇವಿಡ್ ಫ್ರಾನ್ಸ್ ನಿರ್ದೇಶನದ ‘ವೆಲ್‌ಕಮ್ ಟು ಚೆಚ್ನ್ಯಾ’ 2020ರಲ್ಲಿ ಬಂತು. ಚೆಚ್ನ್ಯಾದಲ್ಲಿ ಸಲಿಂಗಿಗಳ ಮೇಲೆ ನಡೆದ ಹಿಂಸೆಯಿಂದ ತಪ್ಪಿಸಿಕೊಂಡವರ ಕತೆ ಅದು. ಅವರ ಗುರುತು ಬಯಲಾದರೆ ಜೀವಕ್ಕೇ ಅಪಾಯವಿತ್ತು. ಮುಖಕ್ಕೆ ಕಪ್ಪು ಪಟ್ಟಿ ಹಾಕಿದರೆ ನೋವು, ಭಯ ಯಾವುದೂ ನೋಡುಗರಿಗೆ ಕಾಣುವುದಿಲ್ಲ. ಅದಕ್ಕಾಗಿ ಸ್ವಯಂಸೇವಕರು ಒಪ್ಪಿಗೆ ಕೊಟ್ಟು ತಮ್ಮ ಮುಖಗಳನ್ನು ಎರವಲು ನೀಡಿದರು. ಸಂತ್ರಸ್ತರ ಭಾವಗಳು ಹಾಗೇ ಉಳಿದು ಮುಖಗಳು ಬದಲಾದವು. ಇಂಥ ಕೆಲಸದಲ್ಲಿ ಎರಡು ಬಗೆಯ ದೃಶ್ಯಸಾಮಗ್ರಿ ಇರುತ್ತದೆ: ಮುಖ ಕೊಡುವ ಸ್ವಯಂಸೇವಕರದು ಒಂದು, ಮುಖ ಮುಚ್ಚಬೇಕಾದ ಸಾಕ್ಷಿಯದು ಇನ್ನೊಂದು. ಇಲ್ಲಿ ಹೇಳುವ ಶೋಧನೆ ಮುಖ್ಯವಾಗಿ ಮೊದಲನೆಯದಕ್ಕೆ ಸೇರಿದ್ದು. ಸಾಕ್ಷಿಯ ವಿಡಿಯೊದ ಒಂದು ಫ್ರೇಮ್ ಎಷ್ಟೇ ಮಸುಕಾಗಿದ್ದರೂ ಅಂತಿಮ ಚಿತ್ರದಲ್ಲಿ ಅದು ಇದ್ದೇ ಇರುತ್ತದೆ, ಅದರಲ್ಲೂ ಮುಖ ಬದಲಾಗಲೇಬೇಕು. ಅದನ್ನು ಅಳಿಸಿಬಿಟ್ಟರೆ ಆ ಕ್ಷಣದಲ್ಲಿ ನಿಜವಾದ ಮುಖ ತೆರೆಯ ಮೇಲೆ ಬಂದುಬಿಡುತ್ತದೆ. ಗುರುತು ಕಾಪಾಡುವ ಕೆಲಸದಲ್ಲಿ ಇದಕ್ಕಿಂತ ದೊಡ್ಡ ಅನಾಹುತವಿಲ್ಲ. ಸಾಕ್ಷಿಯ ಕಡೆಯಿಂದ ತೆಗೆಯಬೇಕಾದದ್ದು ಬೇರೆಯವರ ಮುಖಗಳು ಮತ್ತು ಮುಖವೆಂದು ತಪ್ಪಾಗಿ ಹಿಡಿದ ಚಿತ್ರಗಳು, ಅಷ್ಟೆ.

ಸ್ವಯಂಸೇವಕರೊಬ್ಬರು ಕ್ಯಾಮೆರಾ ಎದುರು ಕೂತು ಅರ್ಧ ಗಂಟೆ ಮಾತನಾಡಿದ್ದಾರೆ ಎಂದಿಟ್ಟುಕೊಳ್ಳೋಣ. ಸೆಕೆಂಡಿಗೆ 25 ಫ್ರೇಮ್‌ನಂತೆ ಅದು 45,000 ಚಿತ್ರಗಳಾಗುತ್ತದೆ. ಅಷ್ಟೂ ಬೇಕಿಲ್ಲ. ಸೆಕೆಂಡಿಗೆ ಐದು ತೆಗೆದರೆ 9,000 ಸಿಗುತ್ತವೆ:

```
ffmpeg -i input.mp4 -vf fps=5 frames/%06d.png
```

ಇದಾದ ಮೇಲೆ ತಂತ್ರಾಂಶ ಪ್ರತಿ ಚಿತ್ರದಲ್ಲಿ ಮುಖವನ್ನು ಹುಡುಕುತ್ತದೆ. ಕಣ್ಣು, ಮೂಗು, ಬಾಯಿ, ದವಡೆಯ ಗೆರೆಗಳ ಮೇಲೆ ಗುರುತಿನ ಬಿಂದುಗಳನ್ನು ಇಡುತ್ತದೆ. ಸಾಮಾನ್ಯವಾಗಿ 68 ಬಿಂದುಗಳು. ಆ ಬಿಂದುಗಳನ್ನು ನೋಡಿಕೊಂಡು ಮುಖವನ್ನು ನೇರವಾಗಿಸಿ, ಒಂದೇ ಅಳತೆಗೆ ಕತ್ತರಿಸಿಡುತ್ತದೆ. ಮುಂದಿನ ಪರೀಕ್ಷೆಯೆಲ್ಲ ಈ ಕತ್ತರಿಸಿದ ಮುಖಗಳ ಮೇಲೇ ನಡೆಯಬೇಕು. ಇಡೀ ಫ್ರೇಮನ್ನು ಅಳೆದರೆ, ಹಿಂದಿನ ಪುಸ್ತಕದ ಕಪಾಟು ಸ್ಪಷ್ಟವಾಗಿದ್ದು ಮುಖ ಮಸುಕಾಗಿರುವ ಚಿತ್ರಕ್ಕೂ ಒಳ್ಳೆಯ ಅಂಕ ಬಂದುಬಿಡುತ್ತದೆ. ಪ್ರಶ್ನೆ ಕೇಳುವವರ ಮುಖ, ಗೋಡೆಯ ಮೇಲಿನ ಫೋಟೊ, ಕೈ ಅಡ್ಡ ಬಂದ ಚಿತ್ರ ಇವನ್ನೆಲ್ಲ ತೆಗೆದ ಮೇಲೆ 8,400 ಮುಖಗಳು ಉಳಿದವು ಎನ್ನೋಣ.

ಬಹಳ ಮಂದಿ ಇಲ್ಲಿಂದ ನೇರವಾಗಿ ಮಸುಕಿನ ಪರೀಕ್ಷೆಗೆ ಹೋಗುತ್ತಾರೆ. ಮೊದಲು ಮುಖಗಳನ್ನು ತಿರುವಿನ ಪ್ರಕಾರ ಗುಂಪು ಮಾಡಿಕೊಳ್ಳುವುದು ಒಳ್ಳೆಯದು. ಕಾರಣ ಸರಳ: ತಲೆ ತಿರುಗುವಾಗ ಚಲನೆಯಿಂದ ಚಿತ್ರ ಕದಡುತ್ತದೆ. ಎಲ್ಲ ಮುಖಗಳನ್ನೂ ಒಟ್ಟಿಗೆ ಮಸುಕಿನ ಅಂಕದ ಮೇಲೆ ಜೋಡಿಸಿ ಕೊನೆಯ ಕಾಲು ಭಾಗವನ್ನು ಅಳಿಸಿದರೆ, ಮೊದಲೇ ಅಪರೂಪವಾಗಿದ್ದ ತಿರುಗಿದ ಮುಖಗಳೇ ಮೊದಲು ಹೋಗುತ್ತವೆ. ಉಳಿಯುವುದು ಅಲುಗಾಡದೆ ಕೂತ ಮುಖ, ಅದು ಹೇಗಿದ್ದರೂ ಬೇಕಾದ್ದಕ್ಕಿಂತ ಹೆಚ್ಚೇ ಇತ್ತು.

ಸಂದರ್ಶನದಲ್ಲಿ ಮಾತನಾಡುವವರು ಕ್ಯಾಮೆರಾವನ್ನಲ್ಲ, ಅದರ ಪಕ್ಕದಲ್ಲಿ ಕೂತು ಪ್ರಶ್ನೆ ಕೇಳುವವರನ್ನು ನೋಡುತ್ತಾರೆ. ಹಾಗಾಗಿ ಮುಖ ಬಹುಪಾಲು ಒಂದೇ ಕಡೆಗೆ ಸ್ವಲ್ಪ ತಿರುಗಿರುತ್ತದೆ. ನಮ್ಮ ಉದಾಹರಣೆಯಲ್ಲಿ 15ರಿಂದ 30 ಡಿಗ್ರಿ ತಿರುವಿನ ಗುಂಪೊಂದರಲ್ಲೇ 5,200 ಮುಖಗಳಿದ್ದು, ಎದುರು ಬದಿಗೆ ತಿರುಗಿದವು ಬರೀ 130 ಇರಬಹುದು. ಈ ಕೊರತೆ ತುಂಬಲು ಕೆಲವರು ಚಿತ್ರಗಳನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಬಳಸುತ್ತಾರೆ. ಆದರೆ ಯಾರ ಮುಖವೂ ಎಡಬಲ ಒಂದೇ ಥರ ಇರುವುದಿಲ್ಲ. ಎಡಗೆನ್ನೆಯ ಮಚ್ಚೆ ಬಲಗೆನ್ನೆಗೂ ಬರುತ್ತದೆ, ಬೈತಲೆ ಬದಿ ಬದಲಿಸುತ್ತದೆ. ಪ್ರಶ್ನೆ ಕೇಳುವವರನ್ನು ಸ್ವಲ್ಪ ಹೊತ್ತು ಕ್ಯಾಮೆರಾದ ಇನ್ನೊಂದು ಬದಿಗೆ ಕೂರಿಸಿ ಮತ್ತೆ ಚಿತ್ರೀಕರಿಸುವುದೇ ಸರಿಯಾದ ಪರಿಹಾರ.

ತೀರಾ ಅತಿಯಾಗಿ ತಿರುಗಿದ ಮುಖಗಳದು ಬೇರೆ ತೊಂದರೆ. ತಿರುವು ಸುಮಾರು 60 ಡಿಗ್ರಿ ದಾಟಿದರೆ ಆಚೆಯ ಕಣ್ಣು ಮೂಗಿನ ಹಿಂದೆ ಮರೆಯಾಗತೊಡಗುತ್ತದೆ. ಕಾಣದ ಕಣ್ಣಿಗೂ ತಂತ್ರಾಂಶ ಬಿಂದು ಇಡಲೇಬೇಕು, ಆದ್ದರಿಂದ ಊಹೆ ಮಾಡುತ್ತದೆ. ಊಹೆ ತಪ್ಪಿದರೆ ಕತ್ತರಿಸಿದ ಮುಖ ಒಂದು ಫ್ರೇಮ್‌ನಲ್ಲಿ ದೊಡ್ಡದು, ಮುಂದಿನದರಲ್ಲಿ ಚಿಕ್ಕದು, ಮತ್ತೊಂದರಲ್ಲಿ ಓರೆಯಾಗಿ ಬರುತ್ತದೆ. ಬಿಂದುಗಳನ್ನು ಚಿತ್ರದ ಮೇಲೆ ಬರೆಸಿ ನೋಡಿದರೆ ಇದು ಕೂಡಲೇ ಗೊತ್ತಾಗುತ್ತದೆ: ದವಡೆಯ ಬಿಂದುಗಳು ಕೂದಲಿನ ಮೇಲೋ ಖಾಲಿ ಗೋಡೆಯ ಮೇಲೋ ಇರುತ್ತವೆ. ತಲೆ ಭುಜದ ಕಡೆ ವಾಲಿದ್ದರೆ ಚಿಂತೆಯಿಲ್ಲ, ನೇರವಾಗಿಸುವ ಹಂತ ಅದನ್ನು ಸರಿಪಡಿಸುತ್ತದೆ. ಎಡಬಲ ತಿರುವು ಮತ್ತು ಗಲ್ಲ ಮೇಲೆತ್ತಿದ ಅಥವಾ ಎದೆಗೆ ಬಗ್ಗಿಸಿದ ಭಂಗಿಗಳಲ್ಲೇ ಎಚ್ಚರ ಬೇಕು.

ಹಾಗೆಂದು ಪಕ್ಕದ ನೋಟಗಳನ್ನೆಲ್ಲ ಕಣ್ಣುಮುಚ್ಚಿ ಎಸೆಯುವುದೂ ಸಲ್ಲ. ಮಿತಿ ಎಷ್ಟಿರಬೇಕೆಂದು ಹೇಳುವುದು ಸಾಕ್ಷಿಯ ವಿಡಿಯೊ. ಅದರಲ್ಲಿ ತಲೆ 45 ಡಿಗ್ರಿಗಿಂತ ಹೆಚ್ಚು ತಿರುಗುವುದೇ ಇಲ್ಲವಾದರೆ, ಸ್ವಯಂಸೇವಕರ 60 ಡಿಗ್ರಿ ದಾಟಿದ ಮುಖಗಳಿಂದ ಪ್ರಯೋಜನವಿಲ್ಲ. ಆಕೆ ಪೂರ್ತಿ ಪಕ್ಕಕ್ಕೆ ತಿರುಗಿ ಕಿಟಕಿ ನೋಡುವ ದೃಶ್ಯವಿದ್ದರೆ ಅಂಥ ಮುಖಗಳು ಬೇಕೇ ಬೇಕು. ಆಗ ಬಿಂದುಗಳು ಸರಿಯಾಗಿ ಕೂತಿರುವವನ್ನು ಒಂದೊಂದಾಗಿ ನೋಡಿ ಉಳಿಸಿಕೊಳ್ಳಬೇಕು.

ಮಸುಕನ್ನು ಅಳೆಯುವ ಬಳಕೆಯ ವಿಧಾನಕ್ಕೆ ಲ್ಯಾಪ್ಲಾಸಿಯನ್ ಎಂದು ಹೆಸರು. ಅಕ್ಕಪಕ್ಕದ ಚುಕ್ಕಿಗಳ ನಡುವೆ ಬೆಳಕು ಎಷ್ಟು ಥಟ್ಟನೆ ಬದಲಾಗುತ್ತದೆ ಎಂಬುದನ್ನು ಇದು ಲೆಕ್ಕ ಹಾಕುತ್ತದೆ. ರೆಪ್ಪೆಗೂದಲು, ತುಟಿಯ ಅಂಚು ಸ್ಪಷ್ಟವಾಗಿದ್ದರೆ ಅಂಕ ಹೆಚ್ಚು, ಎಲ್ಲ ಕಲಸಿಹೋಗಿದ್ದರೆ ಕಡಿಮೆ.

```python
import cv2
g = cv2.imread(path, cv2.IMREAD_GRAYSCALE)
score = cv2.Laplacian(g, cv2.CV_64F).var()
```

ಇಷ್ಟಕ್ಕಿಂತ ಕಡಿಮೆಯಿದ್ದರೆ ಮಸುಕು ಎಂಬ ಸಾರ್ವತ್ರಿಕ ಸಂಖ್ಯೆ ಯಾವುದೂ ಇಲ್ಲ. ಗಡ್ಡ ಅಥವಾ ಕನ್ನಡಕ ಇರುವ ಮುಖಕ್ಕೆ ಸಹಜವಾಗಿಯೇ ಹೆಚ್ಚು ಅಂಕ ಬರುತ್ತದೆ, ನುಣುಪು ಕೆನ್ನೆಯ ಮುಖಕ್ಕೆ ಕಡಿಮೆ. ಮಂದ ಬೆಳಕಿನಲ್ಲಿ ತೆಗೆದ ಚಿತ್ರದ ಮೇಲೆ ಹರಡಿದ ಕಾಳುಕಾಳು ಗದ್ದಲವನ್ನೂ ಈ ಲೆಕ್ಕ ಸ್ಪಷ್ಟತೆಯೆಂದೇ ತಿಳಿಯುತ್ತದೆ. ಆದ್ದರಿಂದ ಒಂದೇ ಗುಂಪಿನ, ಒಂದೇ ಬೆಳಕಿನ ಮುಖಗಳನ್ನು ಅಂಕದ ಪ್ರಕಾರ ಸಾಲಾಗಿ ಜೋಡಿಸಿ, ರೆಪ್ಪೆಗಳು ಬಿಡಿಬಿಡಿಯಾಗಿ ಕಾಣುವುದು ಎಲ್ಲಿ ನಿಲ್ಲುತ್ತದೆ ಎಂದು ಕಣ್ಣಿನಿಂದಲೇ ನೋಡಿ ಅಲ್ಲಿ ಗೆರೆ ಎಳೆಯಬೇಕು. 5,200 ಮುಖಗಳ ಗುಂಪಿನಲ್ಲಿ ಕಾಲು ಭಾಗ ಹೋದರೂ ನಷ್ಟವಿಲ್ಲ. 130ರ ಗುಂಪಿನಲ್ಲಿ ಮಾತ್ರ ಪೂರ್ತಿ ಕೆಟ್ಟ ಹತ್ತನ್ನಷ್ಟೇ ತೆಗೆದು, ಸ್ವಲ್ಪ ಮಸುಕಾದವನ್ನು ಹಾಗೇ ಬಿಡುವುದು ವಿವೇಕ.

ಮಸುಕಿನ ಪರೀಕ್ಷೆ ಸದ್ದಿಲ್ಲದೆ ಮಾಡುವ ಹಾನಿ ಇನ್ನೊಂದಿದೆ, ಅದು ಕಣ್ಣಿನದು. ರೆಪ್ಪೆ ಬಡಿಯುವುದು ಸೆಕೆಂಡಿನ ಸಣ್ಣ ಭಾಗದಲ್ಲಿ ಮುಗಿಯುತ್ತದೆ. ಸೆಕೆಂಡಿಗೆ ಐದು ಫ್ರೇಮ್ ತೆಗೆಯುವಾಗಲೇ ಎಷ್ಟೋ ಬಡಿತಗಳು ತಪ್ಪಿಹೋಗಿರುತ್ತವೆ. ಸಿಕ್ಕಿದವುಗಳಲ್ಲೂ ರೆಪ್ಪೆ ಚಲಿಸುತ್ತಿರುವುದರಿಂದ, ಕಣ್ಣಿನ ಪಾಪೆಯ ಚೂಪು ಅಂಚು ಮರೆಯಾಗಿರುವುದರಿಂದ, ಅಂಕ ಕಡಿಮೆ ಬರುತ್ತದೆ. ಹೀಗೆ ಮುಚ್ಚಿದ ಕಣ್ಣಿನ ಚಿತ್ರಗಳು ಒಂದೊಂದಾಗಿ ಜಾರಿಹೋಗಿ, ಮಾದರಿ ಕಣ್ಣು ಮುಚ್ಚುವುದನ್ನೇ ಕಲಿಯುವುದಿಲ್ಲ. ಸಾಕ್ಷಿ ಅಳುತ್ತಾ ಕಣ್ಣು ಮುಚ್ಚಿದಾಗ ಬದಲಾದ ಮುಖ ಬಿಟ್ಟ ಕಣ್ಣಿನಿಂದ ನೋಡುತ್ತಲೇ ಇರುತ್ತದೆ. ಆಕೆಯ ಭಾವವನ್ನು ಉಳಿಸಲೆಂದೇ ಶುರುವಾದ ಕೆಲಸ ಅಲ್ಲಿಗೆ ಸೋಲುತ್ತದೆ. ಇದಕ್ಕಾಗಿ ಮೂಲದ 45,000 ಫ್ರೇಮ್‌ಗಳಿಗೆ ಮರಳಿ, ಮೇಲಿನ ಮತ್ತು ಕೆಳಗಿನ ರೆಪ್ಪೆಯ ಬಿಂದುಗಳ ನಡುವಿನ ಅಂತರ ತೀರಾ ಕಡಿಮೆಯಿರುವವನ್ನು ಹುಡುಕಿ ಪ್ರತ್ಯೇಕವಾಗಿ ಸೇರಿಸಬೇಕು. ಇನ್ನೂರು ಸಿಕ್ಕರೂ ದೊಡ್ಡ ಲಾಭ.

ನಕಲುಗಳ ವಿಷಯ ಉಳಿಯಿತು. ಸಂದರ್ಶನದಲ್ಲಿ ಪ್ರಶ್ನೆ ಕೇಳಿಸಿಕೊಳ್ಳುವ ಹೊತ್ತು ಬಹಳ, ಆಗ ಮುಖ ಬಾಯಿ ಮುಚ್ಚಿಕೊಂಡು ಅಲುಗದೆ ಇರುತ್ತದೆ. ತರಬೇತಿಯಲ್ಲಿ ಚಿತ್ರಗಳನ್ನು ಯಾದೃಚ್ಛಿಕವಾಗಿ ಎತ್ತಿಕೊಳ್ಳಲಾಗುತ್ತದೆ, ಆದ್ದರಿಂದ ನೂರು ಸಲ ಇರುವ ಚಿತ್ರ ನೂರು ಪಟ್ಟು ಹೆಚ್ಚು ಸಲ ಬರುತ್ತದೆ. ಡೀಪ್‌ಫೇಸ್‌ಲ್ಯಾಬ್‌ನಲ್ಲಿ ಎಲ್ಲ ತಿರುವುಗಳಿಂದಲೂ ಸಮನಾಗಿ ಎತ್ತಿಕೊಳ್ಳುವ ಆಯ್ಕೆಯಿದೆ. ಆದರೆ ಒಂದೇ ತಿರುವಿನೊಳಗೆ ಮುಚ್ಚಿದ ಬಾಯಿಯೇ ತುಂಬಿದ್ದರೆ ಅದರಿಂದ ಪರಿಹಾರ ಸಿಗುವುದಿಲ್ಲ.

ನಕಲು ಹುಡುಕಲು ಪ್ರತಿ ಮುಖವನ್ನು ಪುಟ್ಟ ಬೂದುಬಣ್ಣದ ಚಿತ್ರಕ್ಕೆ ಇಳಿಸಿ, ಅಕ್ಕಪಕ್ಕದ ಚುಕ್ಕಿಗಳಲ್ಲಿ ಯಾವುದು ಹೆಚ್ಚು ಬೆಳಕು ಎಂಬುದರಿಂದ 64 ಸೊನ್ನೆ–ಒಂದುಗಳ ಸಾಲು ಮಾಡುವ ವಿಧಾನವಿದೆ. ಎರಡು ಸಾಲುಗಳು ಎಷ್ಟು ಜಾಗದಲ್ಲಿ ಬೇರೆಯಾಗುತ್ತವೆ ಎಂದು ಎಣಿಸಿದರೆ ಹೋಲಿಕೆ ತಿಳಿಯುತ್ತದೆ. ಇದರ ದೋಷವೆಂದರೆ, ಚಿತ್ರ ಅಷ್ಟು ಚಿಕ್ಕದಾದಾಗ ‘ಪ’ ಎನ್ನುವ ಬಾಯಿಗೂ ‘ಇ’ ಎನ್ನುವ ಬಾಯಿಗೂ ವ್ಯತ್ಯಾಸ ಕರಗಿಹೋಗುತ್ತದೆ. ಮಿತಿಯನ್ನು ಸಡಿಲ ಮಾಡಿದರೆ ಬೇರೆ ಬೇರೆ ಉಚ್ಚಾರದ ಮುಖಗಳೂ ನಕಲೆಂದು ಅಳಿಸಿಹೋಗುತ್ತವೆ. ಬಾಯಿ ಮತ್ತು ಕಣ್ಣಿನ ಭಾಗಗಳನ್ನು ಬೇರೆಯಾಗಿ ಕತ್ತರಿಸಿ ಅವಕ್ಕೂ ಇಂಥದೇ ಸಾಲು ಮಾಡಿ, ಮೂರೂ ಹೊಂದಿದರೆ ಮಾತ್ರ ನಕಲೆಂದು ಎಣಿಸುವುದು ಸುರಕ್ಷಿತ. ನಕಲುಗಳ ಗುಂಪಿನಲ್ಲಿ ಯಾವುದನ್ನು ಉಳಿಸಬೇಕೆಂಬುದಕ್ಕೆ ಮಸುಕಿನ ಅಂಕವೇ ಉತ್ತರ ಕೊಡುತ್ತದೆ: ಅತ್ಯಂತ ಸ್ಪಷ್ಟವಾದದ್ದು.

ಈ ಕ್ರಮದಲ್ಲಿ 5,200ರ ಗುಂಪು ಸಾವಿರದ ಆಸುಪಾಸಿಗೆ ಇಳಿದು, 130ರ ಗುಂಪು 120ರಲ್ಲಿ ನಿಂತು, ಒಟ್ಟು ಸಂಗ್ರಹ ಮೂರು ಸಾವಿರಕ್ಕೆ ಸ್ವಲ್ಪ ಕಡಿಮೆ ಆಗಬಹುದು. ತೆಗೆದವನ್ನು ಅಳಿಸದೆ ಬೇರೆ ಫೋಲ್ಡರಿನಲ್ಲಿ ಇಡಬೇಕು. ತಪ್ಪು ಎಲ್ಲಾಗಿದೆ ಎಂಬುದು ತರಬೇತಿ ನಡೆಯುತ್ತಿರುವಾಗ ಮುನ್ನೋಟದಲ್ಲಿ ಕಾಣುತ್ತದೆ, ಆಗ ಅವುಗಳ ಅಗತ್ಯ ಬೀಳುತ್ತದೆ. ಹಲ್ಲುಗಳು ಬಿಡಿಯಾಗದೆ ಒಂದೇ ಬಿಳಿ ಪಟ್ಟಿಯಾಗಿ ಉಳಿದರೆ ಬಾಯಿ ತೆರೆದ ಸ್ಪಷ್ಟ ಚಿತ್ರಗಳು ಕಡಿಮೆ ಬಿದ್ದಿರಬಹುದು. ಒಂದೇ ಬದಿಗೆ ತಿರುಗಿದಾಗ ಮೂಗು ಕೆನ್ನೆಯೊಳಗೆ ಕರಗಿದರೆ ಆ ಬದಿಯ ಗುಂಪು ಬರಿದಾಗಿದೆ. ಪಕ್ಕದ ನೋಟದಲ್ಲಿ ಮುಖ ಫ್ರೇಮಿನಿಂದ ಫ್ರೇಮಿಗೆ ನಡುಗಿದರೆ ಬಿಂದುಗಳು ತಪ್ಪಾಗಿ ಕೂತ ಚಿತ್ರಗಳು ಸಂಗ್ರಹದಲ್ಲಿ ಉಳಿದಿರಬಹುದು; ಸಾಕ್ಷಿಯ ಫ್ರೇಮ್‌ಗಳಲ್ಲೇ ಬಿಂದುಗಳು ಜಾರಿದ್ದರೂ ಹೀಗಾಗುತ್ತದೆಯಾದ್ದರಿಂದ ಎರಡೂ ಕಡೆ ನೋಡಬೇಕು. ಇಡೀ ಮುಖ ಎಷ್ಟು ತರಬೇತಿ ಕೊಟ್ಟರೂ ಮೇಣದಂತೆ ನುಣುಪಾಗಿಯೇ ಇದ್ದರೆ ಮಸುಕಿನ ಗೆರೆಯನ್ನು ಇನ್ನಷ್ಟು ಬಿಗಿ ಮಾಡಿ ನೋಡಬೇಕು, ದೊಡ್ಡ ಗುಂಪುಗಳಲ್ಲಿ ಮಾತ್ರ.