ಒಂದೇ ದೊಡ್ಡ ಶೆಲ್ಲೋ, ಸಾಲಾಗಿ ಎರಡೋ?

ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯಿಂದ 90 ಡಿಗ್ರಿಯ ಕೊಳೆನೀರು ಮೋರಿ ಸೇರುತ್ತದೆ ಎಂದುಕೊಳ್ಳಿ. ಅದೇ ಹೊತ್ತಿಗೆ ಬಾಯ್ಲರಿಗೆ 30 ಡಿಗ್ರಿಯ ಶುದ್ಧ ನೀರು ಬೇಕು. ಎರಡೂ ಸೆಕೆಂಡಿಗೆ 5 ಲೀಟರ್. ಒಂದರ ಬಿಸಿಯನ್ನು ಇನ್ನೊಂದಕ್ಕೆ ದಾಟಿಸಲು ನಡುವೆ ಹೀಟ್ ಎಕ್ಸ್‌ಚೇಂಜರ್ ಇಡುತ್ತಾರೆ: ದೊಡ್ಡ ಕೊಳವೆಯಂಥ ಶೆಲ್ಲಿನೊಳಗೆ ನೂರಾರು ಸಣ್ಣ ಟ್ಯೂಬುಗಳು. ತೊಳೆಯಲು ಸುಲಭವಾಗಲೆಂದು ಕೊಳೆನೀರು ಟ್ಯೂಬಿನಲ್ಲಿ ಹರಿಯುತ್ತದೆ, ಶುದ್ಧ ನೀರು ಟ್ಯೂಬುಗಳ ಹೊರಗೆ, ಶೆಲ್ಲಿನಲ್ಲಿ.

ಟ್ಯೂಬುಗಳ ಒಟ್ಟು ಮೈ 63 ಚದರ ಮೀಟರ್ ಇರಲಿ. ಒಂದು ಡಿಗ್ರಿ ಅಂತರಕ್ಕೆ ಪ್ರತಿ ಚದರ ಮೀಟರಿನಲ್ಲಿ 1 ಕಿಲೋವ್ಯಾಟ್ ಶಾಖ ದಾಟಲಿ. ಈ 63 ಮೀಟರನ್ನು ಒಂದೇ ಶೆಲ್ಲಿನಲ್ಲಿ ತುಂಬುವುದೋ, ಅರ್ಧರ್ಧ ಮಾಡಿ ಎರಡು ಶೆಲ್ಲುಗಳನ್ನು ಸಾಲಾಗಿ ಜೋಡಿಸುವುದೋ? ಮೈ ಅಷ್ಟೇ ಇದ್ದ ಮೇಲೆ ಫಲವೂ ಅಷ್ಟೇ ಎಂದು ತೋರುವುದು ಸಹಜ.

ಸಾಮಾನ್ಯವಾಗಿ ಟ್ಯೂಬಿನ ನೀರು ಶೆಲ್ಲಿನ ಒಂದು ತುದಿಯಿಂದ ಹೋಗಿ, ಇನ್ನೊಂದು ತುದಿಯಲ್ಲಿ ತಿರುಗಿ, ಹೊರಟಲ್ಲಿಗೇ ಮರಳುತ್ತದೆ. ಎರಡು ಪಾಸ್ ಅಂದರೆ ಇದೇ. ಶೆಲ್ಲಿನ ನೀರು ಮಾತ್ರ ಒಂದೇ ದಿಕ್ಕಿನಲ್ಲಿ ಸಾಗುತ್ತದೆ. ಹಾಗಾಗಿ ಒಂದು ಪಾಸಿನಲ್ಲಿ ಎರಡು ನೀರೂ ಎದುರುಬದುರು, ಇನ್ನೊಂದರಲ್ಲಿ ಜೊತೆಜೊತೆ. ನಮ್ಮ ಒಂಟಿ ಶೆಲ್ಲಿನಲ್ಲಿ ಕೊಳೆನೀರು 90ರಿಂದ 55.3ಕ್ಕೆ ಇಳಿಯುತ್ತದೆ, ಶುದ್ಧ ನೀರು 30ರಿಂದ 64.7ಕ್ಕೆ ಏರುತ್ತದೆ. ಸಿಗಬಹುದಾಗಿದ್ದ 60 ಡಿಗ್ರಿಯಲ್ಲಿ ಸಿಕ್ಕಿದ್ದು 34.7, ಅಂದರೆ ಶೇ. 58. ಎಂಜಿನಿಯರುಗಳು ಎಫೆಕ್ಟಿವ್‌ನೆಸ್ ಎನ್ನುವುದು ಈ ಪಾಲನ್ನೇ.

ಆ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಕೊಳೆನೀರು 55 ಡಿಗ್ರಿಗೆ ಹೊರಬೀಳುವ ತುದಿಯಲ್ಲೇ ಶುದ್ಧ ನೀರು 65ರ ಹತ್ತಿರ ಇದೆ. ಆ ಕೊನೆಯ ಭಾಗದಲ್ಲಿ ಟ್ಯೂಬಿನ ಸುತ್ತಲಿನ ನೀರೇ ಹೆಚ್ಚು ಬಿಸಿ. ಕಷ್ಟಪಟ್ಟು ಪಡೆದ ಶಾಖ ಮೋರಿಗೆ ಹೋಗುವ ನೀರಿಗೇ ವಾಪಸು ಹರಿಯುತ್ತದೆ. ಹಾಗೆಂದು ಮೈ ಹೆಚ್ಚಿಸಿ ಪ್ರಯೋಜನವಿಲ್ಲ. 63ರ ಬದಲು 630 ಚದರ ಮೀಟರ್ ಹಾಕಿದರೂ 35.2 ಡಿಗ್ರಿಯ ಮೇಲೆ ಏರದು. ದುಡ್ಡು ಸುರಿದರೂ ದಾಟದ ಗೆರೆ ಇದು.

ಈಗ ಅದೇ ಮೈಯನ್ನು ಎರಡು ಶೆಲ್ಲುಗಳಿಗೆ ಹಂಚೋಣ. ಕೊಳೆನೀರು ಮೊದಲು ಹೊಕ್ಕ ಶೆಲ್ಲಿಗೆ ಶುದ್ಧ ನೀರು ಕೊನೆಗೆ ಬರುವಂತೆ ಪೈಪು ಹಾಕಬೇಕು. ಮೊದಲ ಶೆಲ್ಲಿನಲ್ಲಿ ಕೊಳೆನೀರು 90ರಿಂದ 69.3ಕ್ಕೆ ಇಳಿದರೆ, ಶುದ್ಧ ನೀರು 50.7ರಿಂದ 71.4ಕ್ಕೆ ಏರುತ್ತದೆ. ಎರಡನೆಯದರಲ್ಲಿ ಕೊಳೆನೀರು 48.6ಕ್ಕೆ ಇಳಿಯುತ್ತದೆ, ಶುದ್ಧ ನೀರು 30ರಿಂದ 50.7ಕ್ಕೆ ಬರುತ್ತದೆ. ಪ್ರತಿ ಶೆಲ್ಲಿನಲ್ಲೂ ಎರಡು ನೀರುಗಳು ಒಂದನ್ನೊಂದು ದಾಟುವುದು ಎರಡು ಡಿಗ್ರಿಯಷ್ಟೇ, ವಾಪಸು ಹರಿಯುವ ಶಾಖ ಅತ್ಯಲ್ಪ. ಎಫೆಕ್ಟಿವ್‌ನೆಸ್ ಶೇ. 69ಕ್ಕೆ ಏರಿತು. 729 ಕಿಲೋವ್ಯಾಟ್ ಸಿಗುತ್ತಿದ್ದಲ್ಲಿ 869. ಒಂದು ಚದರ ಮೀಟರ್ ಟ್ಯೂಬೂ ಹೆಚ್ಚು ಕೊಳ್ಳದೆ 140 ಕಿಲೋವ್ಯಾಟ್ ದಕ್ಕಿತು.

ಮೂರು ಶೆಲ್ ಮಾಡಿದರೆ ಶೇ. 72. ಎರಡೂ ನೀರು ಉದ್ದಕ್ಕೂ ಎದುರುಬದುರೇ ಹರಿಯುವ ಆದರ್ಶ ಯಂತ್ರದಲ್ಲೂ ಈ ಮೈಗೆ ಶೇ. 75ರ ಮೇಲೆ ಸಿಗದು. ಆದ್ದರಿಂದ ದೊಡ್ಡ ಲಾಭವೆಲ್ಲ ಒಂದರಿಂದ ಎರಡಕ್ಕೆ ಹೋಗುವಾಗಲೇ ಮುಗಿಯುತ್ತದೆ. ಡೇರಿಗಳಲ್ಲಿ ಹಾಲು ಕಾಯಿಸುವ ಪ್ಲೇಟ್ ಎಕ್ಸ್‌ಚೇಂಜರಿನಲ್ಲಿ ಹರಿವು ಮೊದಲೇ ಹೆಚ್ಚುಕಡಿಮೆ ಎದುರುಬದುರು. ಅದನ್ನು ಎರಡಾಗಿ ಒಡೆದರೆ ಖರ್ಚಷ್ಟೇ ಹೆಚ್ಚು. ಹಬೆ ನೀರಾಗುವ ಕಂಡೆನ್ಸರಿನಲ್ಲೂ ಹಾಗೇ, ಹಬೆಯ ಉಷ್ಣತೆ ಉದ್ದಕ್ಕೂ ಒಂದೇ ಇರುವುದರಿಂದ ದಿಕ್ಕಿನ ಪ್ರಶ್ನೆಯೇ ಇಲ್ಲ. ಇನ್ನು ಮೈ ಚಿಕ್ಕದಾಗಿದ್ದರೂ ವ್ಯತ್ಯಾಸ ನಗಣ್ಯ: ನಮ್ಮ ಲೆಕ್ಕದಲ್ಲಿ 63ರ ಜಾಗದಲ್ಲಿ 12.6 ಚದರ ಮೀಟರ್ ಇದ್ದಿದ್ದರೆ ಶೇ. 36 ಹೋಗಿ 37 ಆಗುತ್ತಿತ್ತು.

ಖರ್ಚಿನ ಮಾತಿಗೆ ಬಂದರೆ, ಎರಡು ಶೆಲ್ಲಿಗೆ ಎರಡು ಜೊತೆ ಮುಚ್ಚಳ, ಫ್ಲ್ಯಾಂಜ್, ಗ್ಯಾಸ್ಕೆಟ್. ಪಂಪಿನ ಹೊರೆ ಹೇಗೆ ಒಡೆಯುತ್ತೀರಿ ಎಂಬುದರ ಮೇಲಿದೆ. ಟ್ಯೂಬುಗಳ ಉದ್ದವನ್ನು ಅರ್ಧ ಮಾಡಿದರೆ ಹೊರೆ ಅಷ್ಟೇನೂ ಏರದು. ಉದ್ದ ಉಳಿಸಿಕೊಂಡು ಸಂಖ್ಯೆಯನ್ನು ಅರ್ಧ ಮಾಡಿದರೆ ನೀರಿನ ವೇಗ ದುಪ್ಪಟ್ಟು, ಸಾಗಬೇಕಾದ ದೂರವೂ ದುಪ್ಪಟ್ಟು, ಟ್ಯೂಬಿನಲ್ಲಿ ಒತ್ತಡದ ನಷ್ಟ ಸುಮಾರು ಎಂಟು ಪಟ್ಟು. ಕೊಟೇಶನ್ ನೋಡುವಾಗ ನಾನಾದರೆ ಮೊದಲು ಕೇಳುವುದು ಇದನ್ನೇ.

ಪೈಪು ಜೋಡಿಸುವಾಗ ಎಡವಿದರೆ ಎಲ್ಲವೂ ವ್ಯರ್ಥ. ಎರಡೂ ನೀರನ್ನು ಒಂದೇ ಶೆಲ್ಲಿಗೆ ಮೊದಲು ಬಿಟ್ಟರೆ, ಅದರಿಂದ ಕೊಳೆನೀರು 58.4ಕ್ಕೂ ಶುದ್ಧ ನೀರು 61.6ಕ್ಕೂ ಹೊರಬರುತ್ತವೆ. ಎರಡನೆಯ ಶೆಲ್ ಆಗ ತಿರುಗಿ ಕೊಳೆನೀರನ್ನು ಕಾಯಿಸತೊಡಗುತ್ತದೆ, ಕೊನೆಗೆ ಎರಡೂ 60ರ ಆಸುಪಾಸಿಗೆ ಬಂದು ನಿಲ್ಲುತ್ತವೆ. ಶೇ. 50, ಒಂಟಿ ಶೆಲ್ಲಿಗಿಂತಲೂ ಕಡಿಮೆ. ಎರಡು ಶೆಲ್ಲುಗಳ ನಡುವಿನ ಪೈಪುಗಳಿಗೆ ಥರ್ಮಾಮೀಟರ್ ಹಾಕಿಸಿದ್ದರೆ ಇದು ಮೊದಲ ದಿನವೇ ಕಾಣುತ್ತದೆ: ಅಲ್ಲಿ ಕೊಳೆನೀರಿಗಿಂತ ಶುದ್ಧ ನೀರೇ ಬಿಸಿಯಾಗಿದ್ದರೆ ಜೋಡಣೆ ಉಲ್ಟಾ ಎಂದೇ ಅರ್ಥ.