ಟಿಕ್ ಟಿಕ್ ಹುಟ್ಟುವ ಜಾಗ

ಕೀ ಕೊಡುವ ಕೈಗಡಿಯಾರದಲ್ಲಿ ಮುಳ್ಳುಗಳನ್ನು ತಿರುಗಿಸುವ ಶಕ್ತಿ ಬರುವುದು ಒಂದು ಕಡೆಯಿಂದ, ಅವು ಎಷ್ಟು ವೇಗವಾಗಿ ತಿರುಗಬೇಕು ಎಂಬುದು ತೀರ್ಮಾನವಾಗುವುದು ಇನ್ನೊಂದು ಕಡೆ. ಶಕ್ತಿ ಇರುವುದು ಮೈನ್‌ಸ್ಪ್ರಿಂಗ್‌ನಲ್ಲಿ. ಸಣ್ಣ ಡಬ್ಬಿಯೊಳಗೆ ಸುರುಳಿ ಸುತ್ತಿಕೊಂಡಿರುವ ಈ ಲೋಹದ ಪಟ್ಟಿ, ಕೀ ಕೊಟ್ಟಾಗ ಬಿಗಿಯಾಗಿ, ಆಮೇಲೆ ಬಿಚ್ಚಿಕೊಳ್ಳುತ್ತಾ ಹಲ್ಲುಚಕ್ರಗಳ ಒಂದು ಸಾಲನ್ನು ನೂಕುತ್ತದೆ. ಆ ಸಾಲಿನ ಕೊನೆಯಲ್ಲಿ ತಡೆ ಏನೂ ಇಲ್ಲದಿದ್ದರೆ, ಒಂದೂವರೆ ದಿನ ಬರಬೇಕಾದ ಕೀ ಕೆಲವೇ ಸೆಕೆಂಡುಗಳಲ್ಲಿ ಸರ್ರನೆ ಬಿಚ್ಚಿಹೋಗುತ್ತದೆ. ರಿಪೇರಿ ಮಾಡುವವರು ಆ ತಡೆಯನ್ನು ಕಳಚುವ ಮೊದಲು ಸ್ಪ್ರಿಂಗಿನ ಬಿಗಿಯನ್ನು ಮೆಲ್ಲಗೆ ಇಳಿಸಿಕೊಳ್ಳುವುದು ಇದೇ ಕಾರಣಕ್ಕೆ.

ತಡೆಯುವ, ಮತ್ತೆ ಅಳತೆಯಿಟ್ಟು ಬಿಡುವ ಆ ಏರ್ಪಾಟಿಗೆ ಎಸ್ಕೇಪ್‌ಮೆಂಟ್ ಎಂದು ಹೆಸರು. ಯಾವಾಗ ಬಿಡಬೇಕೆಂದು ಅದಕ್ಕೆ ತಿಳಿಸುವುದು ಬ್ಯಾಲೆನ್ಸ್ ಚಕ್ರ. ಹಿಂದಿನ ಮುಚ್ಚಳ ತೆಗೆದರೆ ಒಂದೇ ಸಮನೆ ಅತ್ತಿತ್ತ ಹೊರಳುತ್ತಾ ಮೊದಲು ಕಣ್ಣಿಗೆ ಬೀಳುವ ಚಕ್ರ ಅದೇ.

ಬ್ಯಾಲೆನ್ಸ್ ಚಕ್ರಕ್ಕೆ ಹಲ್ಲುಗಳಿಲ್ಲ. ತೂಕವಿರುವ ಅಂಚು ಮತ್ತು ನಡುವೆ ಒಂದು ತೆಳು ಅಚ್ಚು, ಅಷ್ಟೆ. ಅಚ್ಚಿನ ತುದಿಗಳ ದಪ್ಪ ಸುಮಾರು ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗ. ಅವು ಮಾಣಿಕ್ಯದ ಕಲ್ಲುಗಳಲ್ಲಿ ಕೊರೆದ ತೂತುಗಳಲ್ಲಿ ಕೂತಿರುತ್ತವೆ. ಇದೇ ಅಚ್ಚಿಗೆ ಕೂದಲೆಳೆಯಷ್ಟು ತೆಳುವಾದ ಹೇರ್‌ಸ್ಪ್ರಿಂಗ್‌ನ ಒಳತುದಿ ಸೇರಿರುತ್ತದೆ. ಹೊರತುದಿ ಅಲುಗದಂತೆ ಬಿಗಿದಿರುತ್ತದೆ. ಚಕ್ರವನ್ನು ಒಂದು ಕಡೆ ತಿರುಗಿಸಿ ಬಿಟ್ಟರೆ ಸ್ಪ್ರಿಂಗ್ ಅದನ್ನು ಹಿಂದಕ್ಕೆ ಎಳೆಯುತ್ತದೆ. ಬಂದ ವೇಗದಲ್ಲಿ ಚಕ್ರ ಮಧ್ಯಬಿಂದುವನ್ನು ದಾಟಿ ಆಚೆಗೆ ಹೋಗುತ್ತದೆ, ಅಲ್ಲಿಂದ ಮತ್ತೆ ಎಳೆಸಿಕೊಂಡು ಬರುತ್ತದೆ.

ಗಡಿಯಾರದ ಜೀವಾಳ ಇರುವುದು ಈ ಎಳೆತದ ಒಂದು ಗುಣದಲ್ಲಿ. ಚಕ್ರ ಎಷ್ಟು ದೂರ ತಿರುಗಿತೋ ಎಳೆತವೂ ಅದಕ್ಕೆ ತಕ್ಕಷ್ಟೇ ಹೆಚ್ಚುತ್ತದೆ. ದೂರ ಹೋದ ಚಕ್ರ ಜೋರಾಗಿ ಮರಳುತ್ತದೆ, ಹತ್ತಿರದಲ್ಲೇ ತಿರುಗಿದ್ದು ನಿಧಾನವಾಗಿ ಮರಳುತ್ತದೆ. ಹೀಗಾಗಿ ತೂಗು ದೊಡ್ಡದಿರಲಿ ಚಿಕ್ಕದಿರಲಿ, ಅದಕ್ಕೆ ಹಿಡಿಯುವ ಸಮಯ ಹೆಚ್ಚುಕಡಿಮೆ ಒಂದೇ. ಡಚ್ ವಿಜ್ಞಾನಿ ಕ್ರಿಶ್ಚಿಯಾನ್ ಹೈಗನ್ಸ್ 1675ರಲ್ಲಿ ಸುರುಳಿ ಸ್ಪ್ರಿಂಗ್ ಜೋಡಿಸಿದ ಗಡಿಯಾರವನ್ನು ಪ್ರಕಟಿಸಿದ ಮೇಲೆ, ಜೇಬಿನ ಗಡಿಯಾರಗಳು ದಿನಕ್ಕೆ ಗಂಟೆಗಟ್ಟಲೆ ತಪ್ಪುವುದು ಹೋಗಿ ಕೆಲವು ನಿಮಿಷಗಳಿಗೆ ಇಳಿಯಿತು.

ಆದರೆ ಗಾಳಿ ಮತ್ತು ಘರ್ಷಣೆ ಚಕ್ರದ ತೂಗನ್ನು ಬೇಗನೆ ಕುಗ್ಗಿಸುತ್ತವೆ. ಹಾಗಾಗದಂತೆ ಪ್ರತಿ ಸಲವೂ ಅದಕ್ಕೊಂದು ಸಣ್ಣ ತಳ್ಳು ಬೇಕು. ಇದನ್ನು ಅಚ್ಚುಕಟ್ಟಾಗಿ ನಿಭಾಯಿಸುವುದು ಲಿವರ್ ಎಸ್ಕೇಪ್‌ಮೆಂಟ್. ಲಂಡನ್ನಿನ ಥಾಮಸ್ ಮಡ್ಜ್ 1750ರ ದಶಕದಲ್ಲಿ ಕಂಡುಹಿಡಿದ ಈ ವಿನ್ಯಾಸದ ಸುಧಾರಿತ ರೂಪವೇ ಇಂದಿನ ಬಹುತೇಕ ಮೆಕ್ಯಾನಿಕಲ್ ಕೈಗಡಿಯಾರಗಳಲ್ಲಿದೆ.

ಅದರಲ್ಲಿ ಎರಡು ಭಾಗಗಳಿವೆ. ಹಲ್ಲುಚಕ್ರಗಳ ಸಾಲಿನ ಕೊನೆಯಲ್ಲಿರುವುದು ಎಸ್ಕೇಪ್ ಚಕ್ರ. ಸಾಮಾನ್ಯವಾಗಿ ಅದಕ್ಕೆ 15 ಓರೆ ಹಲ್ಲುಗಳು. ಅದಕ್ಕೂ ಬ್ಯಾಲೆನ್ಸ್ ಚಕ್ರಕ್ಕೂ ನಡುವೆ ಇರುವುದು ಪ್ಯಾಲೆಟ್ ಫೋರ್ಕ್ ಎಂಬ ಪುಟ್ಟ ಸನ್ನೆಕೋಲು. ಅದರ ಎರಡು ತೋಳುಗಳಲ್ಲಿ ಒಂದೊಂದು ಮಾಣಿಕ್ಯದ ಕಲ್ಲಿದೆ. ಬಾಲದ ತುದಿ ಕವೆಯಂತೆ ಸೀಳಿದೆ. ಬ್ಯಾಲೆನ್ಸ್ ಚಕ್ರದ ಅಚ್ಚಿನಲ್ಲಿ ಕೆಳಮುಖವಾಗಿ ನಿಂತ ಒಂದು ಮಾಣಿಕ್ಯದ ಕಡ್ಡಿ ಈ ಕವೆಯೊಳಗೆ ಹೊಕ್ಕು ಹೊರಬೀಳುತ್ತದೆ.

ಒಂದು ಟಿಕ್ ಆಗುವುದು ಹೀಗೆ. ಮೊದಲಿಗೆ ಎಸ್ಕೇಪ್ ಚಕ್ರದ ಒಂದು ಹಲ್ಲು ಕಲ್ಲೊಂದಕ್ಕೆ ಒತ್ತಿ ನಿಂತಿದೆ. ಮುಳ್ಳುಗಳೂ ಸೇರಿ ಇಡೀ ಸಾಲು ಸ್ತಬ್ಧ. ಬ್ಯಾಲೆನ್ಸ್ ಚಕ್ರ ಮಧ್ಯಬಿಂದುವಿನ ಕಡೆ ಮರಳುವಾಗ ಅದರ ಕಡ್ಡಿ ಕವೆಯನ್ನು ಹೊಕ್ಕು ಫೋರ್ಕನ್ನು ಕೊಂಚ ತಿರುಗಿಸುತ್ತದೆ. ಕಲ್ಲು ಹಲ್ಲಿನ ದಾರಿಯಿಂದ ಸರಿಯುತ್ತದೆ. ಬಿಡುಗಡೆಯಾದ ಹಲ್ಲು ಕಲ್ಲಿನ ಇಳಿಜಾರು ಮುಖದ ಮೇಲೆ ಜಾರುತ್ತಾ ಅದನ್ನು ಪಕ್ಕಕ್ಕೆ ತಳ್ಳುತ್ತದೆ. ಆ ತಳ್ಳು ಫೋರ್ಕಿನ ಮೂಲಕ ಕಡ್ಡಿಗೆ ತಲುಪಿ ಚಕ್ರವನ್ನು ಮುಂದೂಡುತ್ತದೆ. ಮರುಕ್ಷಣ ಹಲ್ಲು ಕಲ್ಲಿನಿಂದ ಕಳಚಿಕೊಳ್ಳುತ್ತದೆ, ಎದುರು ಬದಿಯ ಹಲ್ಲೊಂದು ಇನ್ನೊಂದು ಕಲ್ಲಿಗೆ ಬಡಿದು ನಿಲ್ಲುತ್ತದೆ. ಕಿವಿಗೆ ಕೇಳುವ ಸದ್ದು ಮುಖ್ಯವಾಗಿ ಈ ಬಡಿತಗಳದ್ದು. ಅಷ್ಟರಲ್ಲಿ ಕಡ್ಡಿ ಕವೆಯಿಂದ ಹೊರಬಿದ್ದು, ಬ್ಯಾಲೆನ್ಸ್ ಚಕ್ರ ಯಾವುದರ ಸಂಪರ್ಕವೂ ಇಲ್ಲದೆ ತನ್ನ ಪಾಡಿಗೆ ತಿರುಗುತ್ತಿರುತ್ತದೆ.

ಬೆಂಗಳೂರಿನ ಎಚ್‌ಎಂಟಿ ತಯಾರಿಸಿದ ‘ಜನತಾ’ ಗಡಿಯಾರದ ಲೆಕ್ಕ ಹಿಡಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಅದರ ಬಡಿತ ಗಂಟೆಗೆ 18,000, ಎಂದರೆ ಸೆಕೆಂಡಿಗೆ 5. ಸೆಕೆಂಡ್ ಮುಳ್ಳನ್ನು ಹತ್ತಿರದಿಂದ ನೋಡಿದರೆ ಅದು ಹರಿಯುತ್ತಿಲ್ಲ, ಸೆಕೆಂಡಿಗೆ ಐದು ಪುಟ್ಟ ಹೆಜ್ಜೆ ಇಡುತ್ತಿದೆ ಎಂದು ತಿಳಿಯುತ್ತದೆ. ಪ್ರತಿ ಹಲ್ಲೂ ಎರಡು ಕಲ್ಲುಗಳನ್ನು ದಾಟಬೇಕಾದ್ದರಿಂದ 15 ಹಲ್ಲಿನ ಎಸ್ಕೇಪ್ ಚಕ್ರ ಒಂದು ಸುತ್ತು ಮುಗಿಸುವಷ್ಟರಲ್ಲಿ 30 ಬಡಿತ, ಅಂದರೆ 6 ಸೆಕೆಂಡು. ನಿಮಿಷಕ್ಕೆ 10 ಸುತ್ತು. ಅದನ್ನು ಹತ್ತು ಪಟ್ಟು ಇಳಿಸಿದರೆ ನಿಮಿಷಕ್ಕೊಂದು ಸುತ್ತಿನ ಸೆಕೆಂಡ್ ಮುಳ್ಳು. ನಿಮಿಷದ ಮತ್ತು ಗಂಟೆಯ ಮುಳ್ಳುಗಳ ವೇಗವೂ ಹೀಗೆಯೇ ಹಲ್ಲುಗಳ ಲೆಕ್ಕದಿಂದ ಬರುತ್ತದೆ. ಚಕ್ರಗಳ ಸಾಲು ಮಾಡುವುದು ಎಣಿಕೆಯನ್ನು ಮಾತ್ರ. ದಿನದ 4,32,000 ಬಡಿತಗಳಲ್ಲಿ ಬರೀ 50 ಹೆಚ್ಚಾದರೂ ಗಡಿಯಾರ 10 ಸೆಕೆಂಡು ಮುಂದೆ ಹೋಗಿರುತ್ತದೆ.

ಹೀಗಿರುವಾಗ ಬ್ಯಾಲೆನ್ಸ್ ಚಕ್ರವನ್ನು ಎಷ್ಟು ಕಡಿಮೆ ಮುಟ್ಟಿದರೆ ಅಷ್ಟು ಒಳ್ಳೆಯದು. ಚೆನ್ನಾಗಿ ನಡೆಯುವ ಗಡಿಯಾರವನ್ನು ಮಲಗಿಸಿಟ್ಟಾಗ ಚಕ್ರ ಮಧ್ಯಬಿಂದುವಿನಿಂದ ಎರಡೂ ಕಡೆಗೆ ಸುಮಾರು 270 ಡಿಗ್ರಿ ತಿರುಗುತ್ತದೆ. ಅಂದರೆ ಒಂದು ಬಡಿತದ ಒಟ್ಟು ಪಯಣ 540 ಡಿಗ್ರಿ. ಅದರಲ್ಲಿ ಫೋರ್ಕಿನ ಸಂಪರ್ಕ ಇರುವುದು ಮಧ್ಯದ ಸುಮಾರು 50 ಡಿಗ್ರಿಯಷ್ಟು ಮಾತ್ರ. ಆ ಸಂಪರ್ಕ ಮಧ್ಯದಲ್ಲೇ ಆಗುವಂತೆ ಇಟ್ಟಿರುವುದಕ್ಕೂ ಕಾರಣವಿದೆ: ಅಲ್ಲಿ ಚಕ್ರದ ವೇಗ ಅತಿ ಹೆಚ್ಚು, ಹಾಗಾಗಿ ತಳ್ಳಿನಿಂದ ಲಯ ಕದಡುವುದು ಅತಿ ಕಡಿಮೆ. ಪೂರ್ತಿ ಕದಡದೆ ಇರುವುದಿಲ್ಲ. ಬೀಗ ಬಿಡಿಸುವ ಶ್ರಮ ಮಧ್ಯಬಿಂದುವಿಗೆ ಮೊದಲು, ತಳ್ಳಿನ ಬಹುಪಾಲು ಅದರ ನಂತರ ಬರುವುದರಿಂದ ಎರಡೂ ಚಕ್ರವನ್ನು ತುಸು ತಡಮಾಡುತ್ತವೆ. ತೂಗು ದೊಡ್ಡದಿದ್ದಾಗ ಇದು ಗೊತ್ತಾಗುವುದಿಲ್ಲ. ಕೀ ಇಳಿದು ಅಥವಾ ಎಣ್ಣೆ ಜಿಡ್ಡುಗಟ್ಟಿ ತೂಗು 200 ಡಿಗ್ರಿಗಿಂತ ಕೆಳಗೆ ಬಂದಾಗ ಎದ್ದು ಕಾಣುತ್ತದೆ. ಮಲಗಿಸಿದಾಗ ಒಂದು ವೇಗ, ನಿಲ್ಲಿಸಿದಾಗ ಇನ್ನೊಂದು ವೇಗ ತೋರಿಸತೊಡಗಿದ ಹಳೆಯ ಗಡಿಯಾರಕ್ಕೆ ಹೆಚ್ಚಾಗಿ ಬೇಕಿರುವುದು ತೊಳೆದು ಎಣ್ಣೆ ಹಾಕಿಸುವುದೇ ಹೊರತು ವೇಗ ತಿದ್ದುವುದಲ್ಲ.

ವೇಗ ತಿದ್ದಲು ಬ್ಯಾಲೆನ್ಸ್ ಚಕ್ರದ ಮೇಲಿನ ಸೇತುವೆಯಲ್ಲಿ ಕೂಡು, ಕಳೆ ಗುರುತುಗಳ ನಡುವೆ ಒಂದು ಸಣ್ಣ ಸೂಚಿ ಇರುತ್ತದೆ. ಅದನ್ನು ಸರಿಸಿದರೆ ಹೇರ್‌ಸ್ಪ್ರಿಂಗ್‌ನ ಕೆಲಸ ಮಾಡುವ ಉದ್ದ ಬದಲಾಗುತ್ತದೆ: ಉದ್ದ ಕಡಿಮೆಯಾದರೆ ಸ್ಪ್ರಿಂಗ್ ಗಡುಸಾಗಿ ಚಕ್ರ ಬೇಗ ಹೊರಳುತ್ತದೆ. ದಿನಕ್ಕೆ 30 ಸೆಕೆಂಡು ನಿಧಾನವಿರುವ ಗಡಿಯಾರವನ್ನು ಸರಿಪಡಿಸಲು ಉದ್ದವನ್ನು 1,440ರಲ್ಲಿ ಒಂದು ಪಾಲು ತಗ್ಗಿಸಿದರೆ ಸಾಕು. ಸ್ಪ್ರಿಂಗ್ 10 ಸೆಂಟಿಮೀಟರ್ ಇದ್ದರೆ ಅದು 0.07 ಮಿಲಿಮೀಟರ್. ಉಗುರಿನ ತುದಿಯಿಂದ ಸೂಚಿಯನ್ನು ನೂಕಲು ಹೋದವರ ಗಡಿಯಾರ ನಿಮಿಷಗಟ್ಟಲೆ ತಪ್ಪುವುದು ಇದರಿಂದಲೇ.

ಇದೇ ನಿಯಮ ಒಂದು ಸಾಮಾನ್ಯ ತೊಂದರೆಯಲ್ಲೂ ಕಾಣುತ್ತದೆ. ಸ್ಪೀಕರ್ ಅಥವಾ ಬ್ಯಾಗಿನ ಅಯಸ್ಕಾಂತದ ಗುಂಡಿಯ ಪಕ್ಕ ಇಟ್ಟಿದ್ದ ಗಡಿಯಾರ ಇದ್ದಕ್ಕಿದ್ದಂತೆ ದಿನಕ್ಕೆ ಹಲವು ನಿಮಿಷ ಮುಂದೆ ಓಡತೊಡಗಿದರೆ, ಹೇರ್‌ಸ್ಪ್ರಿಂಗ್ ಕಾಂತತ್ವ ಹಿಡಿದು ಅದರ ಸುತ್ತುಗಳು ಒಂದಕ್ಕೊಂದು ಅಂಟಿಕೊಂಡಿರುವ ಸಾಧ್ಯತೆ ಹೆಚ್ಚು. ಅಂಟಿದ ಸುತ್ತು ಕೆಲಸ ಮಾಡದು. ಉಳಿದ ಉದ್ದ ಕಡಿಮೆಯಾಗಿ ಚಕ್ರ ಅವಸರಪಡುತ್ತದೆ. ಇಲ್ಲಿ ಸೂಚಿಯನ್ನು ಮುಟ್ಟಬಾರದು. ಅಂಗಡಿಯಲ್ಲಿ ಡಿಮ್ಯಾಗ್ನೆಟೈಸರ್ ಮೇಲಿಟ್ಟು ಕೆಲವು ಸೆಕೆಂಡು ಹಿಡಿದು ಮೆಲ್ಲಗೆ ದೂರ ಸರಿಸಿದರೆ ಕಾಂತತ್ವ ಹೋಗಿ, ಸುತ್ತುಗಳು ಬಿಡಿಸಿಕೊಂಡು ಗಡಿಯಾರ ಮೊದಲಿನ ವೇಗಕ್ಕೆ ಬರುತ್ತದೆ.